ನಾಲ್ಕು ತಾಲ್ಲೂಕು, ಆರು ಜೋಡಿ: ಕೋಷ್ಟಕ ಓದುವ ಬಗೆ

ಇಳುವರಿ ಹೋಲಿಕೆಯ ಕೋಷ್ಟಕಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಒಬ್ಬರಿಗೊಬ್ಬರು ಕಳುಹಿಸಿಕೊಳ್ಳುವುದು ಈಗ ರೂಢಿ. ಅದನ್ನು ತಪ್ಪಾಗಿ ಓದಿ, ದೂರದ ತೋಟದಿಂದ ಬಿತ್ತನೆ ಅಡಿಕೆಗೆ ಹಣ ತೆತ್ತರೆ ನಷ್ಟ ಬೆಳೆಗಾರನದೇ. ಆದ್ದರಿಂದ ಓದುವ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಸುತ್ತೇವೆ. ಇಲ್ಲಿನ ಅಂಕಿಗಳು ಸಮೀಕ್ಷೆಯವಲ್ಲ, ಲೆಕ್ಕ ತೋರಿಸಲು ನಾವೇ ಇಟ್ಟುಕೊಂಡವು.

ಪ್ರತಿ ತಾಲ್ಲೂಕಿನಲ್ಲಿ ಆರು ತೋಟಗಳಂತೆ ಮರವೊಂದಕ್ಕೆ ಒಣ ಅಡಿಕೆಯ ಸರಾಸರಿ ಹೀಗಿದೆಯೆನ್ನಿ: ಅರಕಲಗೂಡು 2.6 ಕಿಲೋ, ಹಾಸನ 2.1, ಹೊಳೆನರಸೀಪುರ 2.0, ಚನ್ನರಾಯಪಟ್ಟಣ 1.8. ಅನೋವಾ ಎಂಬ ಲೆಕ್ಕದಲ್ಲಿ ಪಿ-ಬೆಲೆ 0.05ಕ್ಕಿಂತ ಕಡಿಮೆ ಬಂದಿದೆ. ಇದರಿಂದ ನಾಲ್ಕೂ ಒಂದೇ ಸಮವಲ್ಲ ಎಂದಷ್ಟೇ ತಿಳಿಯಿತು. ಯಾವುದು ಯಾವುದಕ್ಕಿಂತ ಬೇರೆ ಎಂಬುದನ್ನು ಅನೋವಾ ಹೇಳುವುದಿಲ್ಲ. ಅದಕ್ಕೆ ಜೋಡಿಗಳ ಕೋಷ್ಟಕ ಬೇಕು:

| ಜೋಡಿ | ವ್ಯತ್ಯಾಸ | ಸರಿಪಡಿಸಿದ ಪಿ-ಬೆಲೆ |
|---|---|---|
| ಅರಕಲಗೂಡು–ಚನ್ನರಾಯಪಟ್ಟಣ | 0.8 | 0.015 |
| ಅರಕಲಗೂಡು–ಹೊಳೆನರಸೀಪುರ | 0.6 | 0.10 |
| ಅರಕಲಗೂಡು–ಹಾಸನ | 0.5 | 0.26 |
| ಹಾಸನ–ಚನ್ನರಾಯಪಟ್ಟಣ | 0.3 | 1.00 |
| ಹೊಳೆನರಸೀಪುರ–ಚನ್ನರಾಯಪಟ್ಟಣ | 0.2 | 1.00 |
| ಹಾಸನ–ಹೊಳೆನರಸೀಪುರ | 0.1 | 1.00 |

ಸರಿಪಡಿಸುವುದೇಕೆ? ಆರು ಬಾರಿ ಚೀಟಿ ಎತ್ತಿದರೆ ಒಂದಾದರೂ ಆಕಸ್ಮಿಕವಾಗಿ ಹತ್ತುವ ಸಂಭವ ಹೆಚ್ಚು. ಅದನ್ನು ತಡೆಯಲು ಬಾನ್‌ಫೆರೋನಿ ಕ್ರಮದಲ್ಲಿ ಪ್ರತಿ ಪಿ-ಬೆಲೆಯನ್ನು ಜೋಡಿಗಳ ಸಂಖ್ಯೆಯಿಂದ ಗುಣಿಸುತ್ತಾರೆ; ಒಂದನ್ನು ಮೀರಿದರೆ 1.00 ಎಂದೇ ಬರೆಯುತ್ತಾರೆ. ಅರಕಲಗೂಡು–ಹೊಳೆನರಸೀಪುರದ ಮೂಲ ಬೆಲೆ 0.017. ಅದನ್ನೇ ನೋಡಿದವರು ವ್ಯತ್ಯಾಸ ಖಚಿತವೆನ್ನುತ್ತಿದ್ದರು; ಆರರಿಂದ ಗುಣಿಸಿದಾಗ 0.10 ಆಗಿ ಆ ಮಾತು ನಿಲ್ಲದು. ಕೊನೆಗೆ ಉಳಿಯುವುದು ಮೊದಲ ಜೋಡಿ ಮಾತ್ರ.

ಚಿತ್ರದಲ್ಲಿ ಎರಡು ಅಪಾಯಗಳುಂಟು. ಮೊದಲನೆಯದು, ತಲೆಬರಹ ಕತ್ತರಿಸಿ ಹೋಗಿ ಬೆಲೆ ಮೂಲದ್ದೋ ಸರಿಪಡಿಸಿದ್ದೋ ತಿಳಿಯದಿರುವುದು. ಹಲವು ಸಾಲುಗಳಲ್ಲಿ 1.00 ಎಂದೇ ಇದ್ದರೆ ಗುಣಾಕಾರ ಆಗಿದೆಯೆಂದು ಬಹುಮಟ್ಟಿಗೆ ನಂಬಬಹುದು. ಹಾಗೆ ಸರಿಪಡಿಸಿದ ಬೆಲೆಯನ್ನು ನೇರ 0.05ಕ್ಕೆ ಹೋಲಿಸಬೇಕು. 0.05ನ್ನು ಮತ್ತೆ ಆರರಿಂದ ಭಾಗಿಸಿದರೆ 0.008 ಆಗಿ, ಇದ್ದ ಒಂದು ವ್ಯತ್ಯಾಸವೂ ಕೈತಪ್ಪುತ್ತದೆ.

ಎರಡನೆಯದು, ಮಸುಕಾದ ಅಂಕಿ. ವ್ಯತ್ಯಾಸಗಳು ಒಂದಕ್ಕೊಂದು ಕೂಡಬೇಕು: ಅರಕಲಗೂಡು–ಹಾಸನ 0.5, ಹಾಸನ–ಚನ್ನರಾಯಪಟ್ಟಣ 0.3, ಎರಡೂ ಸೇರಿ 0.8. ಕೂಡದಿದ್ದರೆ ಎಲ್ಲೋ ಅಂಕಿ ತಪ್ಪಾಗಿ ಓದಿದ್ದೇವೆ. ಪಿ-ಬೆಲೆಗೆ ಈ ಪರೀಕ್ಷೆ ಇಲ್ಲ. 0.015 ಎಂಬುದು 0.15 ಆಗಿ ಕಂಡರೆ ತೀರ್ಮಾನವೇ ತಿರುಗುತ್ತದೆ. ಸಂಶಯವಿದ್ದಲ್ಲಿ ಮೂಲ ಹಾಳೆ ಕೇಳಿ ನೋಡಿ. ತೋಟಗಳ ಸಂಖ್ಯೆ ಎಲ್ಲೆಡೆ ಸಮವಿದ್ದರೆ ವ್ಯತ್ಯಾಸ ದೊಡ್ಡದಾದಷ್ಟೂ ಬೆಲೆ ಇಳಿಯಬೇಕೆಂಬುದೊಂದೇ ಇಲ್ಲಿ ಸಿಗುವ ಸುಳಿವು.

ಹಾಸನವು ಅರಕಲಗೂಡಿಗಿಂತಲೂ ಬೇರೆಯಲ್ಲ, ಚನ್ನರಾಯಪಟ್ಟಣಕ್ಕಿಂತಲೂ ಬೇರೆಯಲ್ಲವೆಂದು ಬಂದಿದೆ. ಇದರರ್ಥ ಮೂರೂ ಸಮವೆಂದಲ್ಲ; ಆರಾರು ತೋಟಗಳಿಂದ ಬೇರ್ಪಡಿಸಲಾಗಲಿಲ್ಲ ಎಂದಷ್ಟೆ. ಖಚಿತವಾದ ಮೊದಲ ಜೋಡಿಯಲ್ಲೂ ಕಾರಣ ಬೀಜವೇ ಎಂದು ಕೋಷ್ಟಕ ಹೇಳುವುದಿಲ್ಲ. ಅರಕಲಗೂಡಿಗೆ ಮಳೆ ಹೆಚ್ಚು, ಚನ್ನರಾಯಪಟ್ಟಣಕ್ಕೆ ಕಡಿಮೆ. ಬಿತ್ತನೆ ಅಡಿಕೆಗೆ ಹಣ ಕೊಡುವ ಮುನ್ನ ಇದನ್ನು ನೆನಪಿಡುವುದು.