ನಿಮಗಿದು ಗೊತ್ತೆ? ಮುಟ್ಟು ನಿಲ್ಲಿಸುವುದು ಓಟವಲ್ಲ, ಊಟದ ಕೊರತೆ

ವಿಪರೀತ ಓಡುವ ಹುಡುಗಿಯರ ಮುಟ್ಟು ನಿಂತರೆ ಎಲ್ಲರೂ ಓಟವನ್ನೇ ದೂರುತ್ತಾರೆ. ಅಸಲಿ ಕಾರಣ ತಟ್ಟೆಯಲ್ಲಿದೆ. ಅಮೆರಿಕದಲ್ಲಿ ಸರಿಯಾಗಿ ಮುಟ್ಟಾಗುತ್ತಿದ್ದ ಯುವತಿಯರ ಮೇಲೆ ಪ್ರಯೋಗವೊಂದು ನಡೆಯಿತು. ವ್ಯಾಯಾಮದ ಖರ್ಚು ಕಳೆದು ಉಳಿಯುವ ಆಹಾರ ತೀರಾ ಕಡಿಮೆಯಾದಾಗ, ಐದೇ ದಿನಗಳಲ್ಲಿ ಅಂಡಾಶಯವನ್ನು ಎಬ್ಬಿಸುವ ಹಾರ್ಮೋನಿನ ಮಿಡಿತ ನಿಧಾನವಾಯಿತು. ಮೆದುಳು ಅಷ್ಟು ಬೇಗ ಲೆಕ್ಕ ಹಾಕುತ್ತದೆ! ಅಷ್ಟೇ ವ್ಯಾಯಾಮ ಮಾಡಿ ಹೊಟ್ಟೆ ತುಂಬ ಉಂಡವರಲ್ಲಿ ಹಾಗಾಗಲಿಲ್ಲ.

ಪ್ರಯೋಗದಲ್ಲಿ ಕಂಡ ಗಡಿ, ಕೊಬ್ಬು ಬಿಟ್ಟ ದೇಹತೂಕದ ಕಿಲೋಗೆ ದಿನಕ್ಕೆ ಸುಮಾರು 30 ಕ್ಯಾಲೊರಿ. ಕೊಬ್ಬು ಬಿಟ್ಟು 40 ಕಿಲೋ ತೂಗುವವಳಿಗೆ 1,200 ಉಳಿಯಬೇಕು. ಓಟಕ್ಕೆ 500 ಖರ್ಚಾದರೆ 1,700 ಉಣ್ಣಬೇಕು, ಅದೂ ಕನಿಷ್ಠ. ಎಲ್ಲರ ಗಡಿಯೂ ಒಂದೇ ಅಲ್ಲ. ತೆಳ್ಳಗಿರಲೇಬೇಕೆಂದೂ ಇಲ್ಲ, ದಪ್ಪಗಿದ್ದವರು ಡಯಟ್ ಮಾಡಿ ಸರಸರನೆ ಇಳಿದರೂ ಮುಟ್ಟು ನಿಲ್ಲಬಹುದು.

‘ತಿಂಗಳ ಕಾಟ ತಪ್ಪಿತು’ ಎಂದು ಖುಷಿಪಡುವವರೂ ಉಂಟು. ಆದರೆ ಈಸ್ಟ್ರೋಜನ್ ಕುಸಿದು ಮೂಳೆ ಸವೆಯುತ್ತಿರುತ್ತದೆ. ಕಾಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಕಂಡಾಗಲೇ ಎಷ್ಟೋ ಜನರಿಗೆ ಗೊತ್ತಾಗುವುದು. ಗರ್ಭನಿರೋಧಕ ಮಾತ್ರೆಯಿಂದ ಬರುವ ರಕ್ತಸ್ರಾವ ನಿಜವಾದ ಮುಟ್ಟಲ್ಲ, ತೊಂದರೆಯನ್ನು ಮರೆಮಾಚುತ್ತದೆ. ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರು ಗರ್ಭವಿಲ್ಲ, ಥೈರಾಯ್ಡ್ ಸರಿಯಿದೆ ಎಂದು ಮೊದಲು ಖಚಿತಪಡಿಸಿಕೊಂಡು, ಆಮೇಲೆ ಊಟದ ಲೆಕ್ಕ ಕೇಳುತ್ತಾರೆ.