ಮುಖ್ಯವಾದ ಪಾಠ ಪಟ್ಟಿಯಲ್ಲೇ ಇರಲಿಲ್ಲ

ಒಂದು ಶನಿವಾರ ಅಸ್ರ್ ನಮಾಝ್ ಬಳಿಕ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಉಮ್ಮನ ಜೊತೆ ನಮ್ಮ ಮನೆಗೆ ಬಂದಿದ್ದಳು. ಈಗ ದ್ವಿತೀಯ ಪಿಯುಸಿ ಸೈನ್ಸ್. ದಿನಾ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಬರುವವಳು. "ಉಸ್ತಾದ್, ರಾತ್ರಿ 12 ಗಂಟೆವರೆಗೆ ಕೂತ್ಕೊಳ್ತಾಳೆ, ಆದ್ರೂ ಒಂದೂ ಮುಗಿಯುವುದಿಲ್ಲ ಅಂತಾಳೆ. ನೀವೇ ಸ್ವಲ್ಪ ಕೇಳಿ" ಎಂದರು ಉಮ್ಮ.

ಮುಂದಿನ ವಾರ ಏನೆಲ್ಲ ಕೆಲಸ ಉಂಟು, ಬರೆದು ಕೊಡು ಎಂದೆ. ಬರೆದಳು: ಬುಧವಾರ ಫಿಸಿಕ್ಸ್ ರೆಕಾರ್ಡ್ ಒಪ್ಪಿಸಬೇಕು, ಮೂರು ಪ್ರಯೋಗ ಬಾಕಿ. ಶುಕ್ರವಾರ ಕೆಮಿಸ್ಟ್ರಿ ಟೆಸ್ಟ್. ಗುರುವಾರ ಮಾಮನ ಮಗಳ ಮದುವೆ, ಹಿಂದಿನ ರಾತ್ರಿ ಮೆಹಂದಿ, ಅದಕ್ಕೆ ಬಟ್ಟೆ ತರಬೇಕು. ಸೋಮವಾರದೊಳಗೆ ಕಾಲೇಜಿನ ಕಾರ್ಯಕ್ರಮಕ್ಕೆ ಚಾರ್ಟ್. ಗೆಳತಿಗೆ ನೋಟ್ಸ್‌ನ ಫೋಟೊ. ತಮ್ಮನ ಹೋಮ್‌ವರ್ಕ್. ತರಗತಿಯ ವಾಟ್ಸ್ಆ್ಯಪ್ ಗ್ರೂಪ್. ಸ್ಕಾಲರ್‌ಶಿಪ್ ಅರ್ಜಿ. ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ "ರೀಲ್ಸ್" ಎಂದೂ ಬರೆದಿದ್ದಳು. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

ನಾನು ಒಂದು ಹಾಳೆಯ ಮೇಲೆ ಕೂಡಿಸುವ ಚಿಹ್ನೆಯಂತೆ ಎರಡು ಗೆರೆ ಎಳೆದೆ. ನಾಲ್ಕು ಚೌಕ ಆಯಿತು. ಮೇಲಿನ ಸಾಲು ಮುಖ್ಯವಾದದ್ದಕ್ಕೆ, ಕೆಳಗಿನ ಸಾಲು ಅಷ್ಟು ಮುಖ್ಯವಲ್ಲದ್ದಕ್ಕೆ. ಎಡಗಡೆ ತುರ್ತು, ಬಲಗಡೆ ತುರ್ತಲ್ಲ. ಮೇಲಿನ ಎಡದ್ದು ಒಂದನೇ ಚೌಕ, ಮೇಲಿನ ಬಲದ್ದು ಎರಡು, ಕೆಳಗಿನ ಎಡದ್ದು ಮೂರು, ಉಳಿದದ್ದು ನಾಲ್ಕು. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ 1954ರ ಒಂದು ಭಾಷಣದಲ್ಲಿ ತುರ್ತು ಬೇರೆ, ಮುಖ್ಯ ಬೇರೆ ಎಂಬ ಮಾತನ್ನು ಎತ್ತಿದ್ದರು. ಅದೂ ತಮ್ಮ ಸ್ವಂತ ಮಾತಲ್ಲ, ಒಬ್ಬ ಹಳೆಯ ಕಾಲೇಜು ಅಧ್ಯಕ್ಷರದ್ದು ಎಂದು ಹೇಳಿಯೇ. ನಾಲ್ಕು ಚೌಕದ ರೂಪದಲ್ಲಿ ಅದನ್ನು ಜನಪ್ರಿಯ ಮಾಡಿದ್ದು 1989ರಲ್ಲಿ ಬಂದ ಸ್ಟೀಫನ್ ಕವಿಯವರ ಪುಸ್ತಕ. ಹೆಸರು ದೊಡ್ಡದು, ಕೆಲಸಕ್ಕೆ ಒಂದು ಹಾಳೆ ಸಾಕು.

ಅವಳಿಗೇ ತುಂಬಿಸಲು ಹೇಳಿದೆ. ಒಂದನೇ ಚೌಕದಲ್ಲಿ ಏಳು ಕೆಲಸ ಬಂತು! ಎರಡರಲ್ಲಿ ಸ್ಕಾಲರ್‌ಶಿಪ್ ಮಾತ್ರ, ನಾಲ್ಕರಲ್ಲಿ ರೀಲ್ಸ್. ಮೂರನೆಯದು ಖಾಲಿ. ಮಕ್ಕಳ ಕೈಗೆ ಕೊಟ್ಟರೆ ಹೆಚ್ಚಾಗಿ ಹೀಗೇ ಆಗ್ತದೆ. ಎಲ್ಲವೂ ಒಂದನೇ ಚೌಕದಲ್ಲಿದ್ದರೆ ಅದು ಹಳೆಯ ಪಟ್ಟಿಯೇ, ಸುತ್ತ ಗೆರೆ ಬಂದಿದೆ ಅಷ್ಟೆ.

ಹಾಗಾಗಿ ಒಂದೊಂದನ್ನೂ ಹಿಡಿದು ಎರಡು ಪ್ರಶ್ನೆ ಕೇಳಿದೆ. ಈ ವಾರ ಇದನ್ನು ಮಾಡದಿದ್ದರೆ ಪರೀಕ್ಷೆ ಹೊತ್ತಿಗೆ ನಿನಗೆ ಏನು ನಷ್ಟ? ಮತ್ತೆ, ಈ ಅವಸರ ಯಾರದ್ದು? ರೆಕಾರ್ಡ್ ಕೊಡದಿದ್ದರೆ ಪ್ರಾಕ್ಟಿಕಲ್‌ಗೆ ತೊಂದರೆ, ಅವಸರ ಅವಳದ್ದೇ. ಒಂದನೇ ಚೌಕ ಸರಿ. ಕೆಮಿಸ್ಟ್ರಿ ಟೆಸ್ಟೂ ಹಾಗೆಯೇ. ನೋಟ್ಸ್‌ನ ಫೋಟೊ? "ಈಗಲೇ ಕಳಿಸು ಅಂತ ಮೂರು ಸಲ ಮೆಸೇಜ್ ಮಾಡಿದ್ದಾಳೆ ಉಸ್ತಾದ್." ಅವಸರ ಗೆಳತಿಯದ್ದು, ಹಾಗಾಗಿ ಮೂರನೇ ಚೌಕ. ಗ್ರೂಪೂ ಚಾರ್ಟೂ ಅಲ್ಲಿಗೇ ಹೋದವು.

ಮದುವೆ ಬಂದಾಗ ಉಮ್ಮ ನಡುವೆ ಬಾಯಿ ಹಾಕಿದರು. "ಮಾಮನ ಮಗಳ ಮದುವೆ ಮುಖ್ಯ ಅಲ್ವಾ ಉಸ್ತಾದ್?" ಮುಖ್ಯವೇ. ಗುರುವಾರದ ಮದುವೆ ಮೇಲಿನ ಸಾಲಿನಲ್ಲೇ ಇರಲಿ. ಆದರೆ ಬಟ್ಟೆಗೆ ಮ್ಯಾಚಿಂಗ್ ಶಾಲು ಹುಡುಕಿಕೊಂಡು ಅರ್ಧ ದಿನ ಅಂಗಡಿ ಸುತ್ತುವುದು ಮದುವೆ ಅಲ್ಲವಲ್ಲ. ಒಂದು ಹೆಸರಿನಲ್ಲಿ ಎರಡು ಕೆಲಸ ಸೇರಿಕೊಂಡಿದ್ದರೆ ಮೊದಲು ಬಿಡಿಸಿ ಬರೆಯಬೇಕು, ಇಲ್ಲದಿದ್ದರೆ ಯಾವ ಚೌಕದಲ್ಲಿ ಇಟ್ಟರೂ ತಪ್ಪಾಗ್ತದೆ. ಶಾಲು ಮೂರಕ್ಕೆ ಇಳಿಯಿತು.

ಕಚೇರಿಯವರು ಮೂರನೇ ಚೌಕದ್ದನ್ನು ಬೇರೆಯವರಿಗೆ ವಹಿಸಬೇಕು ಎನ್ನುತ್ತಾರೆ. ಹದಿನೇಳರ ಹುಡುಗಿ ಯಾರಿಗೆ ವಹಿಸುವುದು? ಅವಳಿಂದ ಆಗುವುದು ಅದನ್ನು ಚಿಕ್ಕದು ಮಾಡುವುದು. ಚಾರ್ಟಿನ ಶೀರ್ಷಿಕೆ ಮಾತ್ರ ಬರೆಯುತ್ತೇನೆ, ಬಣ್ಣ ನೀವು ಹಾಕಿ ಎಂದು ಹೇಳಬಹುದು. ಫೋಟೊ, ಗ್ರೂಪ್ ಎಲ್ಲ ಇಶಾ ಬಳಿಕ 15 ನಿಮಿಷದಲ್ಲಿ ಒಟ್ಟಿಗೆ ಮುಗಿಸಬಹುದು. ಶಾಲು ತರುವುದನ್ನು ಉಮ್ಮ ಒಪ್ಪಿಕೊಂಡರು, ಮಗಳು ಬಣ್ಣದ ಬಗ್ಗೆ ಚರ್ಚೆ ಮಾಡಬಾರದು ಎಂಬ ಷರತ್ತಿನ ಮೇಲೆ. ತಮ್ಮನ ಹೋಮ್‌ವರ್ಕನ್ನು ಮಾತ್ರ ನಾನು ಇಳಿಸಲಿಲ್ಲ. ಮನೆಯಲ್ಲಿ ಅವನಿಗೆ ಹೇಳಿಕೊಡಲು ಬೇರೆ ಯಾರೂ ಇಲ್ಲ.

ಆಮೇಲೆ ಸ್ಕಾಲರ್‌ಶಿಪ್. "ಕೊನೆ ದಿನಕ್ಕೆ ಇನ್ನೂ 26 ದಿನ ಉಂಟು" ಎಂದು ಎರಡನೇ ಚೌಕದಲ್ಲಿ ಇಟ್ಟಿದ್ದಳು. ಆದರೆ ಅರ್ಜಿ ತುಂಬಲು ಆದಾಯ ಪ್ರಮಾಣಪತ್ರ ಬೇಕು, ಅದಕ್ಕೆ ನಾಡಕಚೇರಿಯಲ್ಲಿ ಬೇರೆ ಅರ್ಜಿ ಕೊಡಬೇಕು, ಕೊಟ್ಟ ದಿನವೇ ಸಿಗುವುದಿಲ್ಲ. ಅದಕ್ಕೆ 15 ದಿನ ಇಟ್ಟುಕೊಂಡೆವು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಲು, ಪೋರ್ಟಲ್ ನಿಧಾನವಾದರೆ ಮತ್ತೆ ಪ್ರಯತ್ನಿಸಲು 4 ದಿನ. ಉಳಿಯುವುದು 7 ದಿನ. ಅಂದರೆ ಕೆಲಸ ಶುರು ಮಾಡಲು ಈ ವಾರವೇ ಕೊನೆ. ತುರ್ತು ಲೆಕ್ಕ ಹಾಕುವುದು ಮುಗಿಸುವ ಕೊನೆ ದಿನದಿಂದಲ್ಲ, ಶುರು ಮಾಡುವ ಕೊನೆ ದಿನದಿಂದ. ಒಂದನೇ ಚೌಕಕ್ಕೆ ಹಾಕಿದೆವು.

ಉಮ್ಮ ಸುಮ್ಮನಾದರು. ಕಳೆದ ವರ್ಷ ಅವರು ನಾಡಕಚೇರಿಗೆ ಹೋದದ್ದು ಕೊನೆಗೆ 6 ದಿನ ಉಳಿದಾಗಲಂತೆ. ಪತ್ರ ಕೈಗೆ ಬರುವಾಗ ಪೋರ್ಟಲ್ ಮುಚ್ಚಿತ್ತು. ಆ ವರ್ಷದ ಫೀಸು ಪೂರ್ತಿ ಉಪ್ಪನ ಅಂಗಡಿಯಿಂದ ಹೋಯಿತು.

ಈಗ ಎರಡನೇ ಚೌಕ ಪೂರ್ತಿ ಖಾಲಿ. "ನಿನಗೆ ಯಾವ ಪಾಠ ಹೆದರಿಕೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು "ಮ್ಯಾತ್ಸ್‌ನ ಇಂಟಿಗ್ರೇಷನ್. ಎರಡು ವಾರದಿಂದ ಏನೂ ಗೊತ್ತಾಗ್ತಿಲ್ಲ" ಎಂದಳು. ಪಟ್ಟಿಯಲ್ಲಿ ಅದು ಯಾಕಿಲ್ಲ? ಯಾಕೆಂದರೆ ಅದನ್ನು ಯಾರೂ ಕೇಳಿಲ್ಲ. ಅದಕ್ಕೆ ತಾರೀಕಿಲ್ಲ, ಮೆಸೇಜ್ ಬರುವುದಿಲ್ಲ. ಆದರೆ ಆ ಅಧ್ಯಾಯದ ಮುಂದಿನ ಎರಡು ಅಧ್ಯಾಯಗಳು ಅದರ ಮೇಲೆಯೇ ನಿಂತಿವೆ. ಇಂಟಿಗ್ರೇಷನ್ ಬಾರದಿದ್ದರೆ ಡಿಫರೆನ್ಷಿಯಲ್ ಇಕ್ವೇಷನ್ ಬಿಡಿಸುವುದು ಹೇಗೆ? ಎರಡನೇ ಚೌಕದ ಕೆಲಸ ತಾನಾಗಿ ಪಟ್ಟಿಗೆ ಬರುವುದಿಲ್ಲ, ನಾವೇ ಹೋಗಿ ಕರೆದುಕೊಂಡು ಬರಬೇಕು. "ಮ್ಯಾತ್ಸ್ ಓದುವುದು" ಎಂದು ಬರೆದರೂ ಪ್ರಯೋಜನವಿಲ್ಲ. "ಸಬ್‌ಸ್ಟಿಟ್ಯೂಷನ್‌ನ 8 ಲೆಕ್ಕ, ಭಾನುವಾರ ಸುಬ್‌ಹ್ ಬಳಿಕ 1 ಗಂಟೆ" ಎಂದು ಬರೆಸಿದೆ. ಮಂಗಳವಾರ, ಗುರುವಾರ ಇನ್ನೊಂದೊಂದು ಗಂಟೆ.

ಈ ಚೌಕಗಳಲ್ಲಿ ಒಂದು ಕೊರತೆ ಉಂಟು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಅವು ಹೇಳುವುದಿಲ್ಲ. ಪಕ್ಕದಲ್ಲಿ ಬರೆದೆವು: ರೆಕಾರ್ಡಿನ ಒಂದು ಪ್ರಯೋಗಕ್ಕೆ 45 ನಿಮಿಷ, ಮೂರಕ್ಕೆ ಎರಡೂಕಾಲು ಗಂಟೆ. ಕೆಮಿಸ್ಟ್ರಿಗೆ 4 ಗಂಟೆ, ಇಂಟಿಗ್ರೇಷನ್‌ಗೆ 3. ಒಟ್ಟು ಒಂಬತ್ತೂಕಾಲು ಗಂಟೆ. ಇದಕ್ಕೆ ಯಾವ ರಾತ್ರಿಯೂ 12ರವರೆಗೆ ಕೂರಬೇಕಾಗಿಲ್ಲ. ನಿದ್ದೆಯನ್ನು ಅವಳು ನಾಲ್ಕನೇ ಚೌಕಕ್ಕೆ ಹಾಕಹೊರಟಿದ್ದಳು. ಅದನ್ನು ತೆಗೆದು ಎರಡಕ್ಕೆ ಬರೆಸಿದೆ.

ಮುಂದಿನ ಶನಿವಾರ ಹಾಳೆ ಹಿಡಿದು ಬಂದಳು. ರೆಕಾರ್ಡ್ ಬುಧವಾರ ಕೊಟ್ಟಾಗಿತ್ತು. ಉಮ್ಮ ಸೋಮವಾರವೇ ನಾಡಕಚೇರಿಗೆ ಹೋಗಿ ಅರ್ಜಿ ಕೊಟ್ಟು ರಶೀದಿ ತಂದಿದ್ದರು. ಕೆಮಿಸ್ಟ್ರಿಯ 4 ಗಂಟೆ ಎರಡೂವರೆಗೆ ಇಳಿದಿತ್ತು, ಟೆಸ್ಟ್ ಸುಮಾರು. ಮೆಹಂದಿಯ ಮರುದಿನ ಸುಬ್‌ಹ್ ಬಳಿಕ ಲೆಕ್ಕ ಮಾಡುತ್ತಾಳೆ ಎಂದು ನಾನು ಬರೆಸಿದ್ದೇ ತಪ್ಪು, ಆ ಗುರುವಾರ ಹೋಯಿತು. ಉಳಿದ ಎರಡು ದಿನ ಕೂತಿದ್ದಳು. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆ ಎಂದು ಈಗ ಅವಳಿಗೇ ಗೊತ್ತಾಗಿದೆ: ಏನನ್ನು ಬದಲಿಸಿ ಬರೆಯಬೇಕು ಎಂದು ಆರಿಸುವಲ್ಲಿ. ಅದನ್ನು ಲೆಕ್ಚರರ್ ಹತ್ತಿರ ಕೇಳಲು ಹೊಸ ಹಾಳೆಯ ಎರಡನೇ ಚೌಕದಲ್ಲಿ ಬರೆದುಕೊಂಡಿದ್ದಳು. ಒಂದನೇ ಚೌಕದಲ್ಲಿ ಬೇರೆ ಅಕ್ಷರದಲ್ಲಿ "ಗ್ಯಾಸ್ ಬುಕ್ ಮಾಡಬೇಕು" ಎಂದಿತ್ತು. ಉಮ್ಮನ ಕೈಬರಹ.