ಉತ್ತರಪತ್ರಿಕೆಯಲ್ಲಿ ಕಾಲದ ತಪ್ಪು ಹಿಡಿಯುವುದು ಹೇಗೆ?

ಪ್ರಶ್ನೆ: ಮಗಳು ಬರೆದ ಇಂಗ್ಲಿಷ್ ಅಭ್ಯಾಸ ಪತ್ರಿಕೆಯನ್ನು ಎಷ್ಟು ಸಲ ಓದಿದರೂ ವ್ಯಾಕರಣದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಏನು ಮಾಡಲಿ? – ಓದುಗರು, ಹಿರೇಕೊಟ್ನೆಕಲ್, ಮಾನ್ವಿ ತಾಲ್ಲೂಕು

ಉತ್ತರ: ಅರ್ಥಕ್ಕಾಗಿ ಓದಿದರೆ ತಪ್ಪು ಸಿಗದು, ಏಕೆಂದರೆ ಅರ್ಥ ಆಗಿಬಿಡುತ್ತದೆ. ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆ ಮಾತ್ರ ಸುತ್ತು ಹಾಕಿ. ಆಮೇಲೆ ಕಾಲ ಹೇಳುವ ಪದಗಳಿಗೆ ಗೆರೆ ಎಳೆದು, ಎರಡನ್ನೂ ಹೊಂದಿಸಿ ನೋಡಿ.

ಬಸ್ಸಿಗಾಗಿ ಡಿಪೋ ವ್ಯವಸ್ಥಾಪಕರಿಗೆ ಬರೆದ ಪತ್ರದಲ್ಲಿ ಹೀಗಿದೆ ಎನ್ನಿ: ‘ಐ ಆಮ್ ಸ್ಟಡಿಯಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್. ಯೆಸ್ಟರ್‌ಡೇ ದ ಬಸ್ ಡಿಡ್ ನಾಟ್ ಕೇಮ್.’ ‘ಮೂರು ವರ್ಷದಿಂದ ಓದುತ್ತಿದ್ದೇನೆ’ ಎನ್ನಲು ನಮಗೆ ವರ್ತಮಾನ ಸಾಕು. ಮೊದಲ ತಪ್ಪು ಹುಟ್ಟುವುದೇ ಅಲ್ಲಿ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾವ್ ಬೀನ್ ಸ್ಟಡಿಯಿಂಗ್’ ಬೇಕು. ಅವಧಿಗೆ ‘ಫಾರ್ ತ್ರೀ ಇಯರ್ಸ್’. ‘ಸಿನ್ಸ್’ ಬರುವುದು ಆರಂಭದ ವರ್ಷ ಅಥವಾ ದಿನದ ಜೊತೆ. ಎರಡನೆಯದರಲ್ಲಿ ‘ಡಿಡ್’ ಆಗಲೇ ಭೂತಕಾಲ ಹೊತ್ತಿದೆ, ಮುಂದಿನದು ಮೂಲರೂಪದಲ್ಲೇ ಇರಬೇಕು: ‘ಡಿಡ್ ನಾಟ್ ಕಮ್’.

ಗದ್ಯಭಾಗದ ಉತ್ತರಗಳಲ್ಲಿ ಇದೇ ‘ಡಿಡ್’ ತಿರುಗಿ ಕಾಡುತ್ತದೆ. ‘ವೈ ಡಿಡ್ ಹಿ ಸೆಲ್ ದ ಆಕ್ಸ್?’ ಎಂಬ ಪ್ರಶ್ನೆ ನೋಡಿ ಮಕ್ಕಳು ‘ಹಿ ಸೆಲ್ ದ ಆಕ್ಸ್’ ಎಂದೇ ಬರೆಯುತ್ತಾರೆ. ಉತ್ತರದಲ್ಲಿ ‘ಡಿಡ್’ ಹೋದ ಕೂಡಲೇ ಭೂತಕಾಲ ಕ್ರಿಯಾಪದಕ್ಕೆ ಸೇರಿ ‘ಸೋಲ್ಡ್’ ಆಗಬೇಕು. ಹಾಗಾಗಿ ಪ್ರತಿ ಉತ್ತರವನ್ನೂ ಅದರ ಪ್ರಶ್ನೆಯ ಪಕ್ಕದಲ್ಲಿಟ್ಟೇ ನೋಡಿ.

ಕಾಲಸೂಚಕ ಪದವೇ ಇಲ್ಲದ ವಾಕ್ಯದಲ್ಲಿ ಈ ಗುರುತು ನೆರವಾಗದು; ಹಿಂದಿನ ವಾಕ್ಯದ ಕಾಲ ನೋಡಿ. ಪತ್ರದಲ್ಲಿ ನಡೆದ ಘಟನೆ ಭೂತಕಾಲದಲ್ಲೂ ಕೋರಿಕೆ ವರ್ತಮಾನದಲ್ಲೂ ಇರುತ್ತವೆ, ಅಲ್ಲಿ ಕಾಲ ಬದಲಾದರೆ ತಪ್ಪಲ್ಲ.